ಹೊಲಿಗೆಯ ದುಡ್ಡನ್ನು ಅಫಿಡವಿಟ್‌ನಲ್ಲಿ ಬರೆಯಲೇಬೇಕಾ?

ಪ್ರಶ್ನೆ: ಜೀವನಾಂಶಕ್ಕೆ ಅರ್ಜಿ ಹಾಕಿದ್ದೇನೆ. ಮಗಳು ನನ್ನ ಜೊತೆಗಿದ್ದಾಳೆ. ಮನೆಯಲ್ಲಿ ಬ್ಲೌಸ್ ಹೊಲಿದು ತಿಂಗಳಿಗೆ ಸುಮಾರು 9,000 ರೂಪಾಯಿ ಬರುತ್ತದೆ. ಕೋರ್ಟು ಇಬ್ಬರಿಗೂ ಆದಾಯ, ಆಸ್ತಿಯ ಅಫಿಡವಿಟ್ ಕೊಡಲು ಹೇಳಿದೆ. ಹೊಲಿಗೆ ವಿಷಯ ಬರೆದರೆ ಏನೂ ಸಿಗಲ್ಲ, ಬಿಟ್ಟುಬಿಡು ಅಂತ ಅಣ್ಣ ಹೇಳುತ್ತಾರೆ. ಗಂಡ ತನ್ನ ಸಂಬಳ 31,000 ಮಾತ್ರ ಅಂತ ಬರೆದಿದ್ದಾರೆ. ಸ್ಲಿಪ್ಪಿನಲ್ಲಿ ಒಟ್ಟು ಸಂಬಳ 62,000 ಇದೆ. ಅಡಿಕೆ ತೋಟದ ಹೆಸರೇ ಎತ್ತಿಲ್ಲ. ಏನು ಮಾಡಲಿ?

ಉತ್ತರ: ದಯವಿಟ್ಟು ಬರೆಯಿರಿ. ನಿಮ್ಮ ಅಣ್ಣ ಪ್ರೀತಿಯಿಂದಲೇ ಹೇಳಿರುತ್ತಾರೆ, ಆದರೆ ಈ ಸಲಹೆ ನಿಮಗೆ ತುಂಬಾ ದುಬಾರಿಯಾಗಬಹುದು.

ಈ ಅಫಿಡವಿಟ್ ಬಂದದ್ದು 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ರಜನೇಶ್ ವಿರುದ್ಧ ನೇಹಾ ತೀರ್ಪಿನಿಂದ. ಹೆಂಡತಿ ದುಡಿಯುತ್ತಾಳೆ ಅನ್ನುವ ಒಂದೇ ಕಾರಣಕ್ಕೆ ಜೀವನಾಂಶ ನಿರಾಕರಿಸುವಂತಿಲ್ಲ ಅಂತ ಅದೇ ತೀರ್ಪಿನಲ್ಲಿದೆ. ಆ ದುಡ್ಡು ನಿಮ್ಮ ಮತ್ತು ಮಗಳ ಬದುಕಿಗೆ ಸಾಲುತ್ತದಾ ಅನ್ನುವುದೇ ಪ್ರಶ್ನೆ. ಮನೆ ಬಾಡಿಗೆ, ಸ್ಕೂಲ್ ಫೀಸು, ರೇಷನ್ನು ಬರೆದ ಪಕ್ಕದಲ್ಲೇ 9,000 ಕಂಡರೆ ಅದು ಸಾಲದು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಮುಚ್ಚಿಟ್ಟರೆ ಏನಾಗುತ್ತದೆ ನೋಡಿ. ಅಫಿಡವಿಟ್ ಜೊತೆ ಎಲ್ಲ ಖಾತೆಗಳ ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಬೇಕು. ಗಿರಾಕಿಗಳು ಫೋನ್‌ಪೇ ಮಾಡಿದ 350, 400 ಎಲ್ಲ ಅದರಲ್ಲಿ ಸಾಲಾಗಿ ಕೂತಿರುತ್ತವೆ. ಪಾಟೀಸವಾಲಿನಲ್ಲಿ ಎದುರು ವಕೀಲರು ಅದೇ ಹಾಳೆ ಹಿಡಿದು ಒಂದೊಂದಾಗಿ ಕೇಳುತ್ತಾರೆ. ಆಮೇಲೆ ನೀವು ಬರೆದ ನಿಜವಾದ ಖರ್ಚನ್ನೂ ನ್ಯಾಯಾಧೀಶರು ಅನುಮಾನದಿಂದಲೇ ನೋಡುತ್ತಾರೆ. ಆದಾಯ ಪ್ರತಿ ತಿಂಗಳೂ ಒಂದೇ ತರ ಇರಲ್ಲ ಅಲ್ವಾ? ಹಾಗಾದರೆ ಹಬ್ಬ, ಮದುವೆ ಸೀಸನ್ನಿನಲ್ಲಿ ಜಾಸ್ತಿ, ಉಳಿದಂತೆ ಕಡಿಮೆ, ಸರಾಸರಿ ಇಷ್ಟು ಅಂತ ಬರೆಯಿರಿ. ನೂಲು, ಲೈನಿಂಗ್ ಖರ್ಚನ್ನೂ ತೋರಿಸಿ.

ಈಗ ಗಂಡನ 31,000ಕ್ಕೆ ಬರೋಣ. ನಾನು ಜಾಸ್ತಿ ನೋಡುವ ಲೆಕ್ಕ ಇದು. 62,000ದಲ್ಲಿ ಪಿಎಫ್ 3,600, ವೃತ್ತಿ ತೆರಿಗೆ 200 ಕಡಿತ ಅಂದುಕೊಳ್ಳಿ. ಉಳಿಯುವುದು 58,200. ಅಲ್ಲಿಂದ ಸಾಲದ ಕಂತು 14,000, ಸೊಸೈಟಿ ಆರ್‌ಡಿ 8,000, ತಾವೇ ಹೆಚ್ಚಿಸಿಕೊಂಡ ಪಿಎಫ್ 5,200 ಹೋದರೆ ಸರಿಯಾಗಿ 31,000. ಕಾನೂನಿನ ಪ್ರಕಾರ ಆಗಲೇಬೇಕಾದ ಕಡಿತವನ್ನು ಕೋರ್ಟು ಒಪ್ಪುತ್ತದೆ. ಆರ್‌ಡಿ, ಹೆಚ್ಚುವರಿ ಪಿಎಫ್ ಅವರದೇ ಉಳಿತಾಯ, ಅದನ್ನು ಸಾಮಾನ್ಯವಾಗಿ ಕಳೆಯುವುದಿಲ್ಲ. ಸಾಲವನ್ನು ಯಾವಾಗ, ಯಾತಕ್ಕೆ ತೆಗೆದರು ಅಂತ ನೋಡಬೇಕು. ಕೇಸು ಹಾಕಿದ ಮೇಲೆ ತೆಗೆದಿದ್ದರೆ ಅದನ್ನು ಎತ್ತಿ ತೋರಿಸಿ. ಅವರ ಸ್ಲಿಪ್ಪು ಕೈಯಲ್ಲಿಟ್ಟುಕೊಂಡು ಪ್ರತಿ ಕಡಿತದ ಎದುರು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋಗಿ.

ಅಡಿಕೆ ತೋಟದ ವಿಷಯದಲ್ಲಿ ಸ್ವಲ್ಪ ನಿಧಾನ. ಮೊದಲು ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12ರಲ್ಲಿ ಸಾಗುವಳಿ ಮತ್ತು ಬೆಳೆ ಇರುತ್ತದೆ. ಮಾವನ ಸ್ವಯಾರ್ಜಿತ ತೋಟವಾಗಿದ್ದರೆ ಅದು ಗಂಡನ ಆಸ್ತಿ ಅಲ್ಲ. ಪಿತ್ರಾರ್ಜಿತವಾಗಿದ್ದು ಅವರಿಗೆ ಪಾಲಿದ್ದರೆ ನಮೂನೆಯಲ್ಲಿ ಅದನ್ನು ತಿಳಿಸಬೇಕಿತ್ತು. ಯಾರ ಹೆಸರಲ್ಲಿದ್ದರೂ ಮಂಡಿಯ ದುಡ್ಡು ಯಾರ ಖಾತೆಗೆ ಬಂತು ಅನ್ನುವುದು ಮುಖ್ಯ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂದ ಮಾತ್ರಕ್ಕೆ ಅಫಿಡವಿಟ್‌ನಲ್ಲಿ ಬಿಡುವ ಹಾಗಿಲ್ಲ.

ನಿಮ್ಮ ಅಫಿಡವಿಟ್‌ನಲ್ಲಿ ಗಂಡನ ಆದಾಯ, ಆಸ್ತಿ ಬಗ್ಗೆ ಗೊತ್ತಿದ್ದನ್ನು ಹೇಳಲು ಜಾಗ ಇದೆ. ಅಲ್ಲಿ ತೋಟದ ಸರ್ವೆ ನಂಬರ್ ಬರೆಯಿರಿ. ವರ್ಷಕ್ಕೆ ಹತ್ತು ಲಕ್ಷ ಬರುತ್ತದೆ ಅಂತ ಅಂದಾಜಿಗೆ ಬರೆಯಬೇಡಿ, ಆ ಪ್ರಮಾಣಕ್ಕೆ ನೀವೂ ಜವಾಬ್ದಾರರು. ಆಮೇಲೆ ವಕೀಲರ ಮೂಲಕ ಅವರಿಗೆ ಲಿಖಿತ ಪ್ರಶ್ನಾವಳಿ ಕೊಡಲು, ಮಂಡಿ ಚೀಟಿ, ಪಾಸ್‌ಬುಕ್ ಹಾಜರುಪಡಿಸಲು ಕೋರ್ಟಿನ ಅನುಮತಿ ಕೇಳಿ. ಅವರಿಗಷ್ಟೇ ಗೊತ್ತಿರುವ ಆದಾಯವನ್ನು ಅವರೇ ಸಾಬೀತು ಮಾಡಬೇಕು ಅಂತಲೂ ಕೋರ್ಟು ಹೇಳಬಹುದು. ದಾಖಲೆ ಕೊಡದೇ ಹೋದರೆ ಕೋರ್ಟು ಅವರ ವಿರುದ್ಧವೇ ಅರ್ಥ ಮಾಡಿಕೊಂಡು ಆದಾಯ ಅಂದಾಜು ಮಾಡಬಹುದು.

ಸುಳ್ಳು ಅಫಿಡವಿಟ್‌ಗೆ ಕ್ರಿಮಿನಲ್ ಕ್ರಮವೂ ಇದೆ. ಕ್ರಿಮಿನಲ್ ವಿಚಾರಣೆಯ ಹಳೇ ಕಾನೂನು ಸಿಆರ್‌ಪಿಸಿಯಲ್ಲಿ ಸೆಕ್ಷನ್ 340 ಇದ್ದದ್ದು ಈಗ ಹೊಸ ಕಾನೂನು ಬಿಎನ್‌ಎಸ್‌ಎಸ್‌ನಲ್ಲಿ ಸೆಕ್ಷನ್ 379. ಬೇಕಂತಲೇ ಸುಳ್ಳು ಸಾಕ್ಷ್ಯ ಕೊಟ್ಟದ್ದು ಸಾಬೀತಾದರೆ ಏಳು ವರ್ಷದವರೆಗೆ ಜೈಲು ಆಗಬಹುದು. ಆದರೆ ಒಂದು ಅಂಕಿ ತಪ್ಪಿದ ತಕ್ಷಣ ಯಾರನ್ನೂ ಒಳಗೆ ಹಾಕುವುದಿಲ್ಲ. ಬೇಕಂತಲೇ ಮುಚ್ಚಿಟ್ಟದ್ದಾ, ಕ್ರಮ ತೆಗೆದುಕೊಳ್ಳುವುದು ನ್ಯಾಯದ ಹಿತಕ್ಕೆ ಬೇಕಾ ಅಂತ ಕೋರ್ಟು ನೋಡುತ್ತದೆ. ಹಾಗಾಗಿ ಗಂಡನ ಮೇಲೆ ಕ್ರಿಮಿನಲ್ ಕ್ರಮ ಕೇಳುವ ಅರ್ಜಿಗೆ ಆತುರ ಬೇಡ. ಮೊದಲು ಮಧ್ಯಂತರ ಜೀವನಾಂಶದ ಆದೇಶ ಪಡೆಯಿರಿ, ಮಗಳ ಫೀಸಿಗೆ ಈಗ ಬೇಕಾದ್ದು ಅದು.

ನಿಮ್ಮ ಅಫಿಡವಿಟ್ ಹಾಕಿದ ಮೇಲೆ ಹೊಲಿಗೆ ನಿಂತರೂ, ಬೇರೆ ಕೆಲಸ ಸಿಕ್ಕರೂ ತಿದ್ದುಪಡಿ ಅಫಿಡವಿಟ್ ಹಾಕಿಬಿಡಿ.