ಮನಿ ಪ್ಲಾಂಟ್ ಎಲೆ ತುದಿಯಲ್ಲಿ ನೀರು: ಬೇರು ಕೊಳೆಯುತ್ತಿದೆಯಾ?

ಪ್ರಶ್ನೆ: ನಮ್ಮದು ಕದ್ರಿಯಲ್ಲಿ ಫ್ಲ್ಯಾಟ್. ಹಾಲ್‌ನ ಕಿಟಕಿ ಪಕ್ಕ 8 ಇಂಚಿನ ಪ್ಲಾಸ್ಟಿಕ್ ಕುಂಡದಲ್ಲಿ ಮನಿ ಪ್ಲಾಂಟ್ ಇದೆ. ಮಣ್ಣಿನಲ್ಲಿ ಕೋಕೋಪೀಟ್ ಜಾಸ್ತಿ. ದಿನಾ ಸಂಜೆ ಒಂದು ಚೆಂಬು ನೀರು ಹಾಕುತ್ತೇನೆ. ಮಳೆಗಾಲ ಶುರುವಾದ ಮೇಲೆ ಬೆಳಿಗ್ಗೆ ಎದ್ದು ನೋಡಿದರೆ ಪ್ರತಿ ಎಲೆಯ ತುದಿಯಲ್ಲೂ ಒಂದೊಂದು ಹನಿ, ನೆಲದಲ್ಲೂ ಹನಿ. ಕೆಳಗಿನ ಒಂದೆರಡು ಎಲೆ ಹಳದಿಯಾಗಿದೆ. ನೀರು ಜಾಸ್ತಿಯಾಗಿ ಗಿಡ ಹೊರಗೆ ಹಾಕುತ್ತಿದೆ, ಬೇರು ಕೊಳೆಯುತ್ತದೆ ಅಂತ ಅತ್ತೆ ಹೇಳುತ್ತಾರೆ. ಆದರೆ ಬ್ರಹ್ಮಾವರದ ಮನೆಯ ಬಾವಿಕಟ್ಟೆ ಪಕ್ಕದ ಕೆಸುವಿನಲ್ಲೂ ಹೀಗೇ ಹನಿ ಇರುತ್ತದೆ, ಅದಕ್ಕೆ ಏನೂ ಆಗಿಲ್ಲ. ನೀರು ನಿಲ್ಲಿಸಬೇಕಾ?
— ಓದುಗರು, ಮಂಗಳೂರು

ಉತ್ತರ: ಹನಿಗೆ ಹೆದರಬೇಡಿ. ನೀರು ಮಾತ್ರ ಕಡಿಮೆ ಮಾಡಿ. ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಮಣ್ಣಿನಲ್ಲಿ ನೀರು ಜಾಸ್ತಿ ಇದೆ ಅನ್ನುವುದು ಸರಿ. ಆದರೆ ಬೇರೆಲ್ಲ ಕೊಳೆತಿದ್ದರೆ ಆ ಹನಿ ಕಾಣುತ್ತಲೇ ಇರಲಿಲ್ಲ.

ಹಗಲಲ್ಲಿ ಎಲೆಯ ಸಣ್ಣ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಾ ಇರುತ್ತದೆ. ಆ ಸೆಳೆತಕ್ಕೆ ಬೇರಿನಿಂದ ನೀರು ಮೇಲೆ ಬರುತ್ತದೆ. ರಾತ್ರಿ ಈ ರಂಧ್ರಗಳು ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತವೆ. ನಮ್ಮ ಕರಾವಳಿಯ ಮಳೆಗಾಲದ ರಾತ್ರಿಯಲ್ಲಿ ಗಾಳಿಯೇ ಒದ್ದೆ, ಒಣಗಲು ಹಾಕಿದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ ಅಲ್ವಾ? ಎಲೆಯಿಂದಲೂ ಆವಿ ಹೋಗುವುದಿಲ್ಲ. ಆದರೆ ಬೇರು ಕೆಲಸ ನಿಲ್ಲಿಸುವುದಿಲ್ಲ. ಮಣ್ಣಿನಲ್ಲಿರುವ ಲವಣಗಳನ್ನು ಎಳೆದು ತನ್ನ ನೀರು ಹೋಗುವ ನಾಳದೊಳಗೆ ತುಂಬಿಸುತ್ತಾ ಇರುತ್ತದೆ. ಲವಣ ಹೋದ ಕಡೆ ನೀರೂ ನುಗ್ಗುತ್ತದೆ. ಹಾಗೆ ಒಳಗೆ ಒತ್ತಡ ಏರುತ್ತದೆ. ಎಲೆಯ ತುದಿಯಲ್ಲಿ, ನರಗಳು ಬಂದು ಸೇರುವ ಜಾಗದಲ್ಲಿ, ಹೈಡತೋಡ್ ಅನ್ನುವ ಬೇರೆಯೇ ಥರದ ರಂಧ್ರ ಇರುತ್ತದೆ. ಅದು ರಾತ್ರಿಯೂ ತೆರೆದೇ ಇರುತ್ತದೆ. ಜಾಸ್ತಿಯಾದ ನೀರು ಅಲ್ಲಿಂದ ಹನಿಯಾಗಿ ಹೊರಗೆ ಬರುತ್ತದೆ. ಇದಕ್ಕೆ ಗಟೇಷನ್ ಅನ್ನುತ್ತಾರೆ.

ಲವಣವನ್ನು ಒಳಗೆ ಎಳೆಯುವುದು ಬೇರಿಗೆ ಶ್ರಮದ ಕೆಲಸ, ಅದಕ್ಕೆ ಉಸಿರಾಡಲು ಗಾಳಿ ಬೇಕು. ಮಣ್ಣಿನ ಸಂದಿಗಳಲ್ಲೆಲ್ಲ ನೀರೇ ತುಂಬಿ ಗಾಳಿ ಹೋಗದಿದ್ದರೆ ಬೇರು ಮೊದಲು ಸುಸ್ತಾಗುತ್ತದೆ, ಆಮೇಲೆ ಕೊಳೆಯುತ್ತದೆ. ಒತ್ತಡ ಬಿದ್ದುಹೋಗುತ್ತದೆ, ಹನಿಯೂ ನಿಲ್ಲುತ್ತದೆ. ಅದಕ್ಕೇ ಹೇಳುತ್ತೇನೆ, ನೀವು ನಿಜವಾಗಿ ಗಾಬರಿಯಾಗಬೇಕಾದ್ದು ಹನಿ ಬಂದ ದಿನ ಅಲ್ಲ. ಮಣ್ಣು ಇನ್ನೂ ಒದ್ದೆ ಇದ್ದು, ಹೊರಗೆ ಮಳೆಯೂ ಹಾಗೇ ಇದ್ದು, ದಿನಾ ಬರುತ್ತಿದ್ದ ಹನಿ ನಿಂತು ಎಲೆಗಳು ಜೋಲು ಬಿದ್ದರೆ ಆವತ್ತು ಕುಂಡ ಬಿಚ್ಚಿ ನೋಡಬೇಕು. ಹನಿ ನಿಲ್ಲುವುದಕ್ಕೆ ಬೇರೆ ಸಾದಾ ಕಾರಣಗಳೂ ಇವೆ. ರಾತ್ರಿಯಿಡೀ ಏಸಿ ಹಾಕಿದರೆ ಕೋಣೆಯ ಗಾಳಿ ಒಣಗುತ್ತದೆ, ಹನಿ ಬರುವುದಿಲ್ಲ. ಡಿಸೆಂಬರ್, ಜನವರಿಯ ಒಣ ಗಾಳಿಯಲ್ಲೂ ಕಡಿಮೆ. ಮಣ್ಣು ಒಣಗಿದ್ದರೂ ಅಷ್ಟೇ. ಹಾಗಾಗಿ ಹನಿಯೊಂದನ್ನೇ ನೋಡಿ ತೀರ್ಮಾನ ಮಾಡುವ ಹಾಗಿಲ್ಲ, ಮಣ್ಣಿಗೆ ಕೈ ಹಾಕಲೇಬೇಕು.

ಈಗ ನಿಮ್ಮ ಕುಂಡಕ್ಕೆ ಬರೋಣ. ಕೋಕೋಪೀಟ್‌ನದ್ದು ಒಂದು ಮೋಸ ಇದೆ. ಮೇಲ್ಭಾಗ ಬೇಗ ಒಣಗಿ ತಿಳಿ ಕಂದು ಬಣ್ಣಕ್ಕೆ ಬರುತ್ತದೆ, ಒಳಗೆ ಹಿಂಡಿದರೆ ನೀರು ಬರುವಷ್ಟು ಒದ್ದೆ. ಮೇಲೆ ನೋಡಿ ‘ಅಯ್ಯೋ ಒಣಗಿದೆ’ ಅಂತ ಇನ್ನೊಂದು ಚೆಂಬು ಸುರಿಯುತ್ತೇವೆ. ಪ್ಲಾಸ್ಟಿಕ್ ಕುಂಡದ ಗೋಡೆಯಿಂದ ನೀರು ಆರಿ ಹೋಗುವುದೂ ಇಲ್ಲ. ಮಣ್ಣಿನ ಕುಂಡವಾದರೆ ಸ್ವಲ್ಪವಾದರೂ ಆರುತ್ತದೆ. ಅಡಿಗೆ ತಟ್ಟೆ ಇಟ್ಟು ಅದರಲ್ಲಿ ನೀರು ನಿಂತಿದ್ದರಂತೂ ಕುಂಡ ಕೆಳಗಿನಿಂದ ಅದನ್ನೇ ಮತ್ತೆ ಹೀರುತ್ತದೆ.

ಗಿಡಕ್ಕೆ ದಿನಕ್ಕೆ ಎಷ್ಟು ನೀರು ಖರ್ಚಾಗುತ್ತದೆ ಅಂತ ಊಹೆ ಮಾಡುವ ಬದಲು ಅಡುಗೆಮನೆಯ ತಕ್ಕಡಿಯಲ್ಲಿ ಅಳೆಯಿರಿ. ಒಂದು ಸಂಜೆ ನೀರು ಹಾಕಿ, ಅರ್ಧ ಗಂಟೆ ಬಿಟ್ಟು, ತಟ್ಟೆಯ ನೀರು ಚೆಲ್ಲಿ, ಕುಂಡವನ್ನು ತೂಗಿ ಬರೆದಿಡಿ. ಮಾರನೇ ದಿನ ಅದೇ ಹೊತ್ತಿಗೆ ಏನೂ ಹಾಕದೆ ಮತ್ತೆ ತೂಗಿ. ಒಂದು ಗ್ರಾಂ ಕಡಿಮೆಯಾದರೆ ಒಂದು ಮಿಲಿಲೀಟರ್ ನೀರು ಹೋಯಿತು ಅಂತ ಲೆಕ್ಕ. ಉದಾಹರಣೆಗೆ ನಿನ್ನೆ 3 ಕಿಲೋ ಇದ್ದದ್ದು ಇವತ್ತು 2 ಕಿಲೋ 900 ಗ್ರಾಂ ತೋರಿಸಿತು ಅಂತಿಟ್ಟುಕೊಳ್ಳಿ. ಖರ್ಚಾದದ್ದು 100 ಮಿಲಿಲೀಟರ್. ನಿಮ್ಮ ಚೆಂಬಿನಲ್ಲಿ ಅರ್ಧ ಲೀಟರ್ ಹಿಡಿಯುತ್ತದಾದರೆ ದಿನಾ ಬೇಕಾದ್ದಕ್ಕಿಂತ ಐದು ಪಾಲು ಸುರಿಯುತ್ತಿದ್ದೀರಿ. ಮಳೆಗಾಲದಲ್ಲಿ, ಬಿಸಿಲಿಲ್ಲದ ಹಾಲ್‌ನಲ್ಲಿ, ಈ ಲೆಕ್ಕ ಇದಕ್ಕಿಂತ ಕಡಿಮೆ ಬಂದರೂ ಆಶ್ಚರ್ಯವಿಲ್ಲ. ಏಪ್ರಿಲ್‌ನಲ್ಲಿ ತೂಗಿದರೆ ಬೇರೆಯೇ ಸಂಖ್ಯೆ ಬರುತ್ತದೆ, ಆಗ ಅದರ ಪ್ರಕಾರ ಹಾಕಿ.

ತಕ್ಕಡಿ ಇಲ್ಲದಿದ್ದರೆ ಬೆರಳೇ ಸಾಕು. ಎರಡು ಇಂಚು ಒಳಗೆ ತೂರಿಸಿ. ಅಲ್ಲಿ ಒದ್ದೆ ಹತ್ತಿದರೆ ಇವತ್ತು ನೀರು ಬೇಡ, ನಾಳೆ ನೋಡಿ. ಒಣಗಿದ್ದರೆ ಕೆಳಗಿನ ತೂತಿನಿಂದ ಹೊರಬರುವಷ್ಟು ಒಮ್ಮೆ ಚೆನ್ನಾಗಿ ಹಾಕಿ, ತಟ್ಟೆ ಖಾಲಿ ಮಾಡಿ. ದಿನಾ ಸ್ವಲ್ಪ ಸ್ವಲ್ಪ ಹಾಕುವುದಕ್ಕಿಂತ ಇದು ಒಳ್ಳೆಯದು, ಯಾಕೆಂದರೆ ನಡುವೆ ಬೇರಿಗೆ ಗಾಳಿ ಸಿಗುತ್ತದೆ. ಸಂಜೆಯ ಬದಲು ಬೆಳಿಗ್ಗೆ ಹಾಕಿ. ಹಗಲಲ್ಲಿ ಎಲೆ ಅದರಲ್ಲಿ ಒಂದು ಪಾಲು ಖಾಲಿ ಮಾಡುತ್ತದೆ, ರಾತ್ರಿಯ ಹನಿಯೂ ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲಬೇಕು ಅಂತ ಹಟ ಬೇಡ. ಬಾಟಲಿ ನೀರಿನಲ್ಲಿ ಬೆಳೆಸಿದ ಮನಿ ಪ್ಲಾಂಟ್ ಕೂಡ ಹನಿ ಹಾಕುತ್ತದೆ, ಗಿಡ ಗಟ್ಟಿಮುಟ್ಟಾಗಿಯೇ ಇರುತ್ತದೆ.

ಹಳದಿ ಎಲೆ ಒಂದೆರಡೇ ಆಗಿ, ಅದೂ ಬುಡದಲ್ಲಿದ್ದರೆ ವಯಸ್ಸಾಗಿರಬಹುದು. ಅನುಮಾನ ಇದ್ದರೆ ಕುಂಡವನ್ನು ಓರೆ ಮಾಡಿ ಗಿಡವನ್ನು ಮಣ್ಣಿನ ಸಮೇತ ಮೆಲ್ಲಗೆ ಜಾರಿಸಿ. ಬಿಳಿ ಅಥವಾ ಕೆನೆ ಬಣ್ಣದ ಗಟ್ಟಿ ಬೇರು ಕಂಡರೆ ಹಾಗೇ ಒಳಗೆ ಇಡಿ. ಬೇರು ಕಂದಾಗಿ, ಮುಟ್ಟಿದರೆ ಮೇಲಿನ ಸಿಪ್ಪೆ ಜಾರಿ ಒಳಗೆ ದಾರದಂಥ ಎಳೆ ಮಾತ್ರ ಉಳಿದರೆ, ಕೆಸರಿನ ಕೆಟ್ಟ ವಾಸನೆ ಬಂದರೆ, ಅದು ಕೊಳೆತ. ಆ ಬೇರನ್ನೆಲ್ಲ ಕತ್ತರಿಸಿ, ಕೋಕೋಪೀಟ್ ಕಡಿಮೆ ಮಾಡಿ ದಪ್ಪ ಮರಳನ್ನೋ ಇದ್ದಿಲ ಚೂರನ್ನೋ ಬೆರೆಸಿ ಮತ್ತೆ ನೆಡಿ. ಜೊತೆಗೆ ಎರಡು ಗೆಣ್ಣು ಇರುವ ಒಂದು ತುಂಡನ್ನು ನೀರಿನಲ್ಲಿ ಹಾಕಿಟ್ಟುಬಿಡಿ. ತಾಯಿ ಗಿಡ ಹೋದರೂ ಸಂತತಿ ಉಳಿಯುತ್ತದೆ.

ನೆಲದ ಹನಿ ಒಣಗಿದ ಮೇಲೆ ಬಿಳಿ ಗುರುತು ಉಳಿಯುತ್ತಿದೆಯಾ ನೋಡಿ. ಹನಿ ಶುದ್ಧ ನೀರಲ್ಲ, ಅದರಲ್ಲಿ ಲವಣ, ಸ್ವಲ್ಪ ಸಕ್ಕರೆ ಎಲ್ಲ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಎಲೆಯ ತುದಿಯಲ್ಲೇ ಬಿಳಿ ಪುಡಿ ದಪ್ಪಗಾಗಿ ತುದಿ ಕಂದಾಗುತ್ತಿದ್ದರೆ ಗೊಬ್ಬರ ಜಾಸ್ತಿಯಾಗಿದೆ ಅಂತ ಅರ್ಥ. ಒಂದು ಸಲ ಕುಂಡವನ್ನು ಸಿಂಕಿನಲ್ಲಿಟ್ಟು, ಅದರ ಎರಡರಷ್ಟು ನೀರು ಹರಿಸಿ, ಪೂರ್ತಿ ಬಸಿಯಲು ಬಿಡಿ. ಮಳೆಗಾಲ ಮುಗಿಯುವ ತನಕ ಗೊಬ್ಬರ ಬೇಡ. ಹನಿ ತುದಿಯಲ್ಲಿ ಮಾತ್ರ ಅಲ್ಲದೆ ಎಲೆಯ ಮೇಲೆಲ್ಲ ಅಂಟು ಅಂಟಾಗಿದ್ದರೆ ಅದು ಗಟೇಷನ್ ಅಲ್ಲ, ಎಲೆಯ ಕೆಳಗೆ ಹಿಟ್ಟು ತಿಗಣೆ ಇದೆಯಾ ಹುಡುಕಿ.

ಇನ್ನು ಬ್ರಹ್ಮಾವರದ ಕೆಸು. ಮನಿ ಪ್ಲಾಂಟ್‌ಗೆ ಹಾಕುವ ಲೆಕ್ಕ ಅದಕ್ಕೆ ಹಾಕಬೇಡಿ. ಕೆಸುವಿನ ಒಳಗೆ ಗಾಳಿ ಓಡಾಡುವ ದಾರಿಗಳಿವೆ. ದಂಟನ್ನು ಅಡ್ಡ ಕತ್ತರಿಸಿದರೆ ಆ ತೂತುಗಳು ಕಣ್ಣಿಗೇ ಕಾಣುತ್ತವೆ. ಎಲೆಯಿಂದ ಗಾಳಿ ಬೇರಿಗೆ ಇಳಿಯುವುದರಿಂದ ಬಚ್ಚಲ ನೀರು ಹರಿಯುವ ಕಡೆ, ಗದ್ದೆಯ ಬದಿಯಲ್ಲಿ, ಬಾವಿಕಟ್ಟೆಯ ಕೆಸರಿನಲ್ಲಿ ಅದು ಆರಾಮಾಗಿರುತ್ತದೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೋಗಿ ನೋಡಿ. ತುದಿಯಲ್ಲಿ ಹನಿ ಕಟ್ಟುವುದು, ಬೀಳುವುದು, ಮತ್ತೆ ಕಟ್ಟುವುದು ನಿಂತ ಜಾಗದಲ್ಲೇ ಕಾಣುತ್ತದೆ. ಇನ್ನೂ ಸುರುಳಿ ಬಿಚ್ಚದ ಎಳೆ ಎಲೆಯ ತುದಿಯೂ ಹೀಗೇ ತೊಟ್ಟಿಕ್ಕುತ್ತದೆ. ಎಲೆ ನಡುವೆ ಉರುಳಾಡುವ ಗುಂಡು ಹನಿ ಬೇರೆ, ಅದು ಮಳೆ ನೀರು.

ಕೆಸುವಿನಲ್ಲಿ ನೋಡಬೇಕಾದ್ದು ಹನಿಯ ಬಣ್ಣ. ತುದಿಯ ಹನಿ ತಿಳಿಯಾಗಿದ್ದರೆ ಏನೂ ತೊಂದರೆ ಇಲ್ಲ. ಮಳೆ ಜೋರಾದಾಗ ಎಲೆಯ ಮೇಲೆ, ಅದರಲ್ಲೂ ನೀರು ನಿಲ್ಲುವ ಅಂಚು ಮತ್ತು ತುದಿಯಲ್ಲಿ, ಒದ್ದೆಯಾದಂಥ ಕಪ್ಪು ಮಚ್ಚೆ ಎದ್ದು, ದಿನ ಕಳೆದಂತೆ ದೊಡ್ಡದಾಗಿ, ಅದರಿಂದ ಜೇನು ಬಣ್ಣದ ಅಥವಾ ಕೆಂಪು ಕಂದು ಹನಿ ಜಿನುಗಿದರೆ ಅದು ಅಂಗಮಾರಿ ರೋಗ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರ ರೋಗಾಣುವಿನ ಬಳಗದ್ದೇ. ಮಳೆ ಹನಿ ಸಿಡಿದು ಒಂದು ಎಲೆಯಿಂದ ಇನ್ನೊಂದಕ್ಕೆ ಹರಡುತ್ತದೆ. ಅಂಥ ಎಲೆಯನ್ನು ದಂಟಿನ ಸಮೇತ ಕತ್ತರಿಸಿ ದೂರ ಹೂತುಬಿಡಿ, ಗಿಡ ತೀರಾ ಒತ್ತೊತ್ತಾಗಿದ್ದರೆ ಕೆಲವನ್ನು ಕಿತ್ತು ಗಾಳಿಗೆ ದಾರಿ ಮಾಡಿ. ಅಡಿಕೆಗೆ ತಯಾರಿಸಿದ ಮೈಲುತುತ್ತು ಉಳಿದಿದೆ ಅಂತ ಇದಕ್ಕೂ ಹೊಡೆಯಬೇಡಿ, ಪತ್ರೊಡೆಗೆ ಕೊಯ್ಯುವ ಎಲೆ ಅಲ್ವಾ. ಮಚ್ಚೆ ಇಲ್ಲದ ಎಲೆಯನ್ನು ಹನಿ ಇದ್ದರೂ ಕೊಯ್ಯಬಹುದು. ತುರಿಸುವ ಅಂಶ ಎಲೆಯೊಳಗೇ ಇರುತ್ತದೆ, ತೊಳೆದರೆ ಹೋಗುವುದಿಲ್ಲ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದನ್ನು ನಿಮ್ಮ ಅತ್ತೆಗೆ ಯಾರೂ ಹೇಳಿಕೊಡಬೇಕಾಗಿಲ್ಲ.