ಜರಿ ಸೀರೆಯ ಮೇಲೆ ಹೆಸರು ಕಾಣಬೇಕಾದರೆ

ಪ್ರಶ್ನೆ: ಅಕ್ಕನ ಮದುವೆಗೆ ವಾಟ್ಸಾಪ್‌ನಲ್ಲಿ ಕಳಿಸೋಕೆ ಆಮಂತ್ರಣ ಮಾಡ್ತಿದ್ದೀನಿ. ಹಿಂದೆ ನಿಶ್ಚಿತಾರ್ಥದ ಫೋಟೊ ಇದೆ. ಅಕ್ಕನ ಹೆಸರು ಜ್ಯೋತ್ಸ್ನಾ. ಚಿನ್ನದ ಬಣ್ಣದಲ್ಲಿ ಬರೆದರೆ ಸೀರೆ ಜರಿಯಲ್ಲಿ ಕಳೆದುಹೋಗುತ್ತೆ. ಕಪ್ಪು ಔಟ್‌ಲೈನ್ ಕೊಟ್ಟರೆ ಗಿಜಿಗಿಜಿ ಅನ್ಸುತ್ತೆ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ಅಕ್ಷರಕ್ಕೆ ಅಲಂಕಾರ ಮಾಡೋದು ಬಿಟ್ಟು ಅದರ ಹಿಂದಿನ ಜಾಗ ಸರಿಮಾಡಿ. ಜರಿಯಲ್ಲಿ ಹೊಳಪು, ನೆರಳು ಪಕ್ಕಪಕ್ಕದಲ್ಲೇ ಇರುತ್ತವೆ. ಅದರ ಮೇಲೆ ಯಾವ ಬಣ್ಣದಲ್ಲಿ ಬರೆದರೂ ಅಕ್ಷರದ ಒಂದು ಭಾಗ ಕಾಣುತ್ತದೆ, ಇನ್ನೊಂದು ಮುಳುಗುತ್ತದೆ.

1080 x 1920 ಪಿಕ್ಸೆಲ್‌ನ ಉದ್ದ ಕಾರ್ಡ್ ತೆಗೆದುಕೊಳ್ಳಿ. ಇಬ್ಬರ ಮುಖವೂ ಮೇಲಿನ ಅರ್ಧದಲ್ಲಿ ಬರುವಂತೆ ಫೋಟೊ ಸರಿಸಿ. ಕೆಳಗಿನ ಸುಮಾರು 800 ಪಿಕ್ಸೆಲ್ ಮೇಲೆ ಒಂದು ಆಯತ ಇಟ್ಟು ಗ್ರೇಡಿಯೆಂಟ್ ಕೊಡಿ: ಮೇಲಂಚು ಪೂರ್ತಿ ಪಾರದರ್ಶಕ, ಕೆಳಗೆ ಹೋಗುತ್ತಾ 85%ರಷ್ಟು ದಟ್ಟ. ಬಣ್ಣವನ್ನು ಸೀರೆಯ ಅಂಚಿನಿಂದಲೇ ಆರಿಸಿ, ಗಾಢ ಮರೂನ್ ಆದರೆ `#3B0A12` ಹತ್ತಿರ. ಕಪ್ಪು ಬೇಡ, ಮನೆಯ ಹಿರಿಯರು ಮದುವೆ ಕಾರ್ಡಿಗೆ ಕಪ್ಪಾ ಅಂತ ಕೇಳೇ ಕೇಳುತ್ತಾರೆ! ಹೆಸರುಗಳನ್ನು ಈ ಬಣ್ಣ ಸಾಕಷ್ಟು ದಟ್ಟವಾದ ಕಡೆ ಇಡಿ. ಅಕ್ಷರಕ್ಕೆ ಚಿನ್ನದ ಬದಲು ತಿಳಿ ಕೆನೆ ಬಣ್ಣ, `#FFF4D6`. ಚಿನ್ನ ಬಾರ್ಡರ್‌ಗೆ ಇರಲಿ.

ಇನ್ನು ಗಿಜಿಗಿಜಿ. ಜ್ಯೋತ್ಸ್ನಾ ಹೆಸರನ್ನೇ ದೊಡ್ಡದು ಮಾಡಿ ನೋಡಿ. ತ ಕೆಳಗೆ ಸ, ನ ಎರಡು ಒತ್ತು ಇಕ್ಕಟ್ಟಾಗಿ ಕೂತಿವೆ. ದಪ್ಪ ಔಟ್‌ಲೈನ್ ಕೊಟ್ಟರೆ ಅವುಗಳ ನಡುವಿನ ಸಂದು, ಸುರುಳಿಯ ಒಳಗಿನ ಖಾಲಿ ಎಲ್ಲ ಮುಚ್ಚಿಹೋಗುತ್ತವೆ. ಔಟ್‌ಲೈನ್ ತೆಗೆದು, ಬೇಕೇ ಬೇಕು ಅನಿಸಿದರೆ ಅದೇ ಮರೂನ್‌ನ ಮೆತ್ತನೆಯ ನೆರಳು ಸಾಕು. ಹೆಸರನ್ನು 110 ಪಿಕ್ಸೆಲ್ ಇಟ್ಟರೆ ಸಾಲಿಂದ ಸಾಲಿಗೆ ಕನಿಷ್ಠ 160 ಬಿಡಿ. ಇಂಗ್ಲಿಷ್‌ಗೆ ಹೊಂದಿಸಿದ ಅಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. "ಚಿ. ಕುಂ. ಸೌ." ಮಾತ್ರ ಅರ್ಧ ಗಾತ್ರಕ್ಕೆ ಇಳಿಸಿ, ಹೆಸರಿನ ಮೇಲೆ ಬೇರೆ ಸಾಲಿನಲ್ಲಿ ಇಡಿ.

ಬಾರ್ಡರ್ ಚಿತ್ರ PNG ಆಗಿರಲಿ. JPEGಗೆ ಪಾರದರ್ಶಕತೆ ಇಲ್ಲ, ಫೋಟೊ ಮೇಲೆ ಇಟ್ಟರೆ ಬಿಳಿ ಚೌಕ ಬರುತ್ತದೆ. ನಾಲ್ಕೂ ಮೂಲೆಗೆ ಬಳ್ಳಿ ಸುತ್ತಿಸುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಈ ಫೋಟೊದಲ್ಲೇ ಜರಿ ಜಾಸ್ತಿ ಅಲ್ವಾ? ಸಣ್ಣ ಗೆರೆ, ಎರಡು ಮೂಲೆಗೆ ಹೂವು ಸಾಕು. ಬಾರ್ಡರ್‌ಗೂ ಅಕ್ಷರಕ್ಕೂ ನಡುವೆ ಒಂದು ಬೆರಳಿನಷ್ಟಾದರೂ ಜಾಗ ಇರಲಿ.

ಮುಗಿದ ಮೇಲೆ ಒಂದು ಪ್ರತಿಯನ್ನು ಕಪ್ಪು-ಬಿಳುಪು ಮಾಡಿ ನೋಡಿ. ಅದರಲ್ಲೂ ಹೆಸರು ಎದ್ದು ಕಂಡರೆ ಸರಿಯಾಗಿದೆ, ಮಸುಕಾದರೆ ಗ್ರೇಡಿಯೆಂಟ್ ಇನ್ನಷ್ಟು ದಟ್ಟ ಮಾಡಿ. ಆಮೇಲೆ ವಾಟ್ಸಾಪ್‌ನಲ್ಲಿ ಮನೆಯವರಿಗೇ ಕಳಿಸಿ, ಅವರ ಫೋನಿನಲ್ಲಿ ನೋಡಿ. ಫೋಟೊ ಅಂತ ಕಳಿಸಿದಾಗ ಅದು ಚಿತ್ರವನ್ನು ಕುಗ್ಗಿಸುತ್ತದೆ. ಮುಹೂರ್ತ, ಛತ್ರದ ವಿಳಾಸದಂಥ ಸಣ್ಣ ಅಕ್ಷರ ಮೊದಲು ಕೆಡೋದು. ಅವು ಮಸುಕಾದರೆ ಗಾತ್ರ ಹೆಚ್ಚಿಸಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ.