ಯಾರು ಯಾರಿಗೆ ಕೊಟ್ಟರು?

ಓದುಗರ ಪತ್ರ

ಮಾನ್ಯ ಸಂಪಾದಕರೇ, ದಾವಣಗೆರೆಯ ಚೌಕಿಪೇಟೆಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ ಇದೆ. ಕೆಲಸಕ್ಕಿರುವ ಹುಡುಗನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಗೆಳೆಯರು ಬಂದರೆ ಕೈ ಆಡಿಸುತ್ತಾ ಗಂಟೆಗಟ್ಟಲೆ ಹರಟುತ್ತಾನೆ. ನನಗೆ ಒಂದೂ ತಿಳಿಯಲ್ಲ. ಆದರೆ ವಾಟ್ಸಾಪ್‌ನಲ್ಲಿ ಕನ್ನಡ ಬರೆದರೆ ಗೆ, ಇಂದ, ಅನ್ನು ಯಾವುದೂ ಇರಲ್ಲ. ಮೊನ್ನೆ ‘ದರ್ಜಿ ಗಿರಾಕಿ ಬಟ್ಟೆ ಕೊಟ್ಟ’ ಅಂತ ಕಳಿಸಿದ್ದ. ಯಾರು ಯಾರಿಗೆ ಕೊಟ್ಟರು ಅಂತ ತಲೆ ಕೆರೆದುಕೊಂಡೆ. ಸನ್ನೆ ಭಾಷೆಗೂ ವ್ಯಾಕರಣ ಇದೆ ಅಂತ ನೀವು ಬರೆದಿದ್ದಿರಿ. ಇದ್ದಿದ್ದರೆ ಹೀಗೆ ಬರೀತಿದ್ನಾ? ಸುಮ್ನೆ ಕೈಸನ್ನೆ ಅಲ್ವಾ ಅದು?
— ಒಬ್ಬ ಅಂಗಡಿಯವ, ದಾವಣಗೆರೆ

ಸಂಪಾದಕರ ಉತ್ತರ

ಒಂದು ಕೆಲಸ ಮಾಡಿ. ಆ ಹುಡುಗನ ಗೆಳೆಯರು ಮತ್ತೆ ಬಂದಾಗ, ಅದೇ ಸಂಗತಿಯನ್ನು ಅವರಿಗೆ ಹೇಳು ಅನ್ನಿ. ನೀವು ಗಲ್ಲಾದ ಹಿಂದೆ ಕೂತು ಅವನ ಕೈ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನಷ್ಟೇ ನೋಡಿ.

ಹೆಚ್ಚುಕಡಿಮೆ ಹೀಗೆ ನಡೆಯುತ್ತದೆ. ಅವನು ಮೊದಲು ದರ್ಜಿಯ ಸನ್ನೆ ಮಾಡಿ, ತನ್ನ ಬಲಗಡೆ ಖಾಲಿ ಜಾಗಕ್ಕೆ ಬೆರಳು ತೋರಿಸುತ್ತಾನೆ. ಇನ್ನು ಮುಂದೆ ಆ ಜಾಗ ದರ್ಜಿಯದು. ಆಮೇಲೆ ಗಿರಾಕಿಯ ಸನ್ನೆ ಮಾಡಿ ಎಡಗಡೆ ತೋರಿಸುತ್ತಾನೆ. ನಂತರ ಬಟ್ಟೆ. ಕೊನೆಗೆ ‘ಕೊಡು’. ದರ್ಜಿ ಗಿರಾಕಿಗೆ ಕೊಟ್ಟಿದ್ದರೆ ಕೈ ಬಲದಿಂದ ಎಡಕ್ಕೆ ಸಾಗುತ್ತದೆ. ಗಿರಾಕಿ ದರ್ಜಿಗೆ ಕೊಟ್ಟಿದ್ದರೆ ಎಡದಿಂದ ಬಲಕ್ಕೆ. ದರ್ಜಿ ಅವನ ಕೈಗೇ ಕೊಟ್ಟಿದ್ದರೆ ಬಲಗಡೆಯಿಂದ ಹೊರಟ ಕೈ ಅವನ ಎದೆಯ ಹತ್ತಿರ ಬಂದು ನಿಲ್ಲುತ್ತದೆ.

ನೀವು ಮೆಸೇಜಿನಲ್ಲಿ ಹುಡುಕಿದ ‘ಗೆ’ ಇರುವುದು ಅಲ್ಲಿ. ಕೈ ಎಲ್ಲಿಂದ ಹೊರಟಿತೋ ಅವರು ಕೊಟ್ಟವರು, ಎಲ್ಲಿ ಮುಟ್ಟಿತೋ ಅವರಿಗೆ ಕೊಟ್ಟಿದ್ದು. ನಾವು ಪ್ರತ್ಯಯ ಅಂಟಿಸಿ ಹೇಳುವುದನ್ನು ಅವರು ಕೈ ಸಾಗುವ ದಾರಿಯಲ್ಲಿ ಹೇಳುತ್ತಾರೆ. ಕೇಳು, ಹೇಳು, ಸಹಾಯ ಮಾಡು, ಇಂಥ ಕ್ರಿಯಾಪದಗಳೂ ಹೀಗೇ ದಿಕ್ಕು ಬದಲಿಸುತ್ತವೆ.

ಈ ಜಾಗಗಳಿಗೂ ನಿಯಮ ಇದೆ. ದರ್ಜಿ ಎದುರಿಗೇ ನಿಂತಿದ್ದರೆ ಅವನಿಗೆ ಬಲಗಡೆ ಬೇರೆ ಜಾಗ ಕೊಡುವ ಹಾಗಿಲ್ಲ, ಅವನು ನಿಂತ ಕಡೆಗೇ ಕೈ ಹೋಗಬೇಕು. ಅಲ್ಲಿ ಇಲ್ಲದವರಿಗೆ ಮಾತ್ರ ಗಾಳಿಯಲ್ಲಿ ಜಾಗ. ಒಮ್ಮೆ ಕೊಟ್ಟ ಜಾಗವನ್ನು ಆ ಮಾತು ಮುಗಿಯುವ ತನಕ ನೆನಪಿಟ್ಟುಕೊಳ್ಳಬೇಕು. ಐದು ನಿಮಿಷದ ನಂತರವೂ ಬಲಗಡೆ ಬೆರಳು ತೋರಿಸಿದರೆ ಅದು ದರ್ಜಿಯೇ. ಇದರಲ್ಲಿ ಅವರಿಗೆ ನಮಗಿಲ್ಲದ ಒಂದು ಅನುಕೂಲವೂ ಇದೆ. ‘ಅವನು ಅವನಿಗೆ ಹೇಳಿದ, ಆಮೇಲೆ ಅವನು ಹೊರಟುಹೋದ’ ಅನ್ನಿ. ಕನ್ನಡದಲ್ಲಿ ಹೋದವನು ಯಾರು ಅಂತ ಹೇಳುವುದು ಕಷ್ಟ. ಅವರ ಭಾಷೆಯಲ್ಲಿ ಈ ಗೊಂದಲ ಬರುವುದೇ ಇಲ್ಲ.

ಗೊಂದಲ ಬರುವುದು ಹೊಸದಾಗಿ ಕಲಿಯುವವರಿಂದ. ಅವರು ಬಲಗಡೆ ಇಟ್ಟ ದರ್ಜಿಯನ್ನು ಮರೆತು ಮುಂದಿನ ವಾಕ್ಯದಲ್ಲಿ ಎಡಗಡೆ ತೋರಿಸುತ್ತಾರೆ. ಇಲ್ಲವೇ ಯಾರಿಗೂ ಜಾಗ ಕೊಡದೆ ‘ಕೊಡು’ ಅಂತ ಕೈ ಚಾಚುತ್ತಾರೆ. ಎದುರಿನವರು ‘ಯಾರು?’ ಅಂತ ತಡೆದು ಕೇಳಿದರೆ ಎಡವಿದ್ದು ಇಲ್ಲೇ ಅಂತ ತಿಳಿಯಿರಿ.

‘ಇದನ್ನೆಲ್ಲ ಮೂಕಾಭಿನಯ ಮಾಡುವವರೂ ಮಾಡ್ತಾರಲ್ವಾ?’ ಅಂತ ನೀವು ಕೇಳಬಹುದು. ಹಾಗಿದ್ದರೆ ಎಲ್ಲ ಕ್ರಿಯಾಪದಗಳನ್ನೂ ಹೀಗೆ ಓಡಾಡಿಸಬಹುದಿತ್ತು. ಆಗುವುದಿಲ್ಲ. ‘ಊಟ ಮಾಡು’ ಬಾಯಿಯ ಹತ್ತಿರ ಮಾಡುವ ಸನ್ನೆ. ದರ್ಜಿ ಊಟ ಮಾಡಿದ ಅನ್ನಲು ಅದನ್ನು ಎತ್ತಿಕೊಂಡು ಹೋಗಿ ಬಲಗಡೆ ಗಾಳಿಯಲ್ಲಿ ಮಾಡುವ ಹಾಗಿಲ್ಲ. ದರ್ಜಿಯ ಜಾಗ ತೋರಿಸಿ, ಸನ್ನೆಯನ್ನು ತನ್ನ ಬಾಯಿಯ ಹತ್ತಿರವೇ ಮಾಡಬೇಕು. ಯಾವ ಕ್ರಿಯಾಪದ ಸಾಗುತ್ತದೆ, ಯಾವುದು ಕೂತಲ್ಲೇ ಕೂರುತ್ತದೆ ಅನ್ನುವುದನ್ನು ಭಾಷೆ ಕಲಿತೇ ತಿಳಿಯಬೇಕು. ಅಭಿನಯಕ್ಕೆ ಇಂಥ ಕಟ್ಟುಪಾಡು ಇಲ್ಲ.

ಕೈಯ ಆಕಾರದಲ್ಲೂ ಹೀಗೇ. ಅಮೆರಿಕದ ಸನ್ನೆ ಭಾಷೆಯಲ್ಲಿ ವಾಹನ ಹೇಗೆ ಹೋಯಿತು, ಎಲ್ಲಿ ನಿಂತಿತು ಅಂತ ಹೇಳಲು ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರನ್ನೂ ಚಾಚಿದ ಕೈ ಬಳಸುತ್ತಾರೆ. ಕಾರಿಗೂ ಅದೇ, ಸೈಕಲ್ಲಿಗೂ ಅದೇ, ದೋಣಿಗೂ ಅದೇ. ವಿಮಾನಕ್ಕೆ ಮಾತ್ರ ಬೇರೆ. ಆ ಕೈ ನೋಡಲು ಸೈಕಲ್ಲಿನ ಹಾಗೂ ಇಲ್ಲ, ದೋಣಿಯ ಹಾಗೂ ಇಲ್ಲ. ನಾವು ಮನುಷ್ಯರಾದರೆ ಇಬ್ಬರು, ಮೂವರು ಅಂತಲೂ ವಸ್ತುಗಳಾದರೆ ಎರಡು, ಮೂರು ಅಂತಲೂ ಎಣಿಸುತ್ತೇವಲ್ಲ, ಆ ಥರದ ವಿಂಗಡಣೆ ಅದು.

ಈಗ ಮುಖದ ವಿಷಯ. ನಮ್ಮ ಕಡೆಯ ಜನಕ್ಕೆ ಜಾಸ್ತಿ ತಪ್ಪು ತಿಳಿವಳಿಕೆ ಇರುವುದು ಇಲ್ಲೇ. ಕಿವಿ ಕೇಳದವರು ಮಾತಾಡುವಾಗ ಮುಖ ಕಿವುಚುತ್ತಾರೆ, ಹುಬ್ಬು ಹಾರಿಸುತ್ತಾರೆ, ಏನೋ ಸಿಟ್ಟು ಬಂದಿರಬೇಕು ಅಂದುಕೊಳ್ಳುತ್ತೇವೆ. ಸಿಟ್ಟು ಇದ್ದರೂ ಇರಬಹುದು. ಆದರೆ ಆ ಹುಬ್ಬಿಗೆ ವ್ಯಾಕರಣದ ಕೆಲಸವೂ ಇದೆ. ‘ನೀವು, ಊಟ, ಮುಗಿಯಿತು’ ಅಂತ ಮೂರು ಸನ್ನೆ ಮಾಡಿದರೆ ‘ನಿಮ್ಮ ಊಟ ಆಯಿತು’ ಅಂತ ಅರ್ಥ. ಅದೇ ಮೂರು ಸನ್ನೆಗೆ ಹುಬ್ಬು ಏರಿಸಿ, ತಲೆ ತುಸು ಮುಂದೆ ಬಗ್ಗಿಸಿದರೆ ‘ಊಟ ಆಯ್ತಾ?’ ಅಂತ ಪ್ರಶ್ನೆ. ಕೈಯಲ್ಲಿ ಏನೂ ಬದಲಾಗಿಲ್ಲ. ‘ಆಯ್ತು’ವನ್ನು ‘ಆಯ್ತಾ’ ಮಾಡುವ ಆ ದೀರ್ಘ ಅವರಿಗೆ ಹುಬ್ಬಿನಲ್ಲಿದೆ.

ಯಾರು, ಎಲ್ಲಿ, ಯಾವಾಗ ಅಂತ ಕೇಳುವ ಪ್ರಶ್ನೆಗೆ ಮುಖ ಬೇರೆ. ಭಾರತೀಯ ಸನ್ನೆ ಭಾಷೆಯಲ್ಲಿ ಆಗಲೂ ಹುಬ್ಬು ಏರುತ್ತದೆ, ಆದರೆ ತಲೆ ಹಿಂದಕ್ಕೆ ಹೋಗಿ ಗದ್ದ ಮೇಲಕ್ಕೆ ಬರುತ್ತದೆ. ಪ್ರಶ್ನೆಯ ಸನ್ನೆ ವಾಕ್ಯದ ಕೊನೆಯಲ್ಲಿ ಬರುತ್ತದೆ. ಅದೂ ಮೂಲದಲ್ಲಿ ಒಂದೇ ಸನ್ನೆ. ಅದರ ಮುಂದೆ ಮುಖದ ಸನ್ನೆ ಸೇರಿದರೆ ‘ಯಾರು’, ಜಾಗದ ಸನ್ನೆ ಸೇರಿದರೆ ‘ಎಲ್ಲಿ’, ಹೊತ್ತಿನ ಸನ್ನೆ ಸೇರಿದರೆ ‘ಯಾವಾಗ’. ‘ದರ್ಜಿ ಎಲ್ಲಿಗೆ ಹೋದ?’ ಅನ್ನುವುದು ‘ದರ್ಜಿ, ಹೋಗು, ಜಾಗ, ಏನು’ ಅನ್ನುವ ಕ್ರಮದಲ್ಲಿ ಬರುತ್ತದೆ. ಇದು ಕನ್ನಡದ ಕ್ರಮ ಅಲ್ಲ, ಹಿಂದಿಯದೂ ಅಲ್ಲ, ಇಂಗ್ಲಿಷಿನದಂತೂ ಅಲ್ಲವೇ ಅಲ್ಲ. ಸುತ್ತಲಿನ ಮಾತಿಗೂ ಸನ್ನೆ ಭಾಷೆಗೂ ಹೀಗೆ ನೇರ ನಂಟು ಇರುವುದಿಲ್ಲ. ಬ್ರಿಟನ್ ಮತ್ತು ಅಮೆರಿಕದವರು ಆಡುವುದು ಒಂದೇ ಇಂಗ್ಲಿಷ್, ಆದರೆ ಅಲ್ಲಿನ ಕಿವುಡರ ಸನ್ನೆ ಭಾಷೆಗಳು ಒಂದಕ್ಕೊಂದು ಅರ್ಥವಾಗುವುದಿಲ್ಲ. ನಮ್ಮದೇ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ, ಊರಲ್ಲಿ ಕಿವುಡರು ಜಾಸ್ತಿ ಇರುವುದರಿಂದ, ಆ ಊರಿನದೇ ಒಂದು ಸನ್ನೆ ಭಾಷೆ ಬೆಳೆದುಕೊಂಡಿದೆ.

ಇದನ್ನೆಲ್ಲ ಭಾಷೆ ಅಂತ ವಿದ್ವಾಂಸರು ಒಪ್ಪಿದ್ದೂ ತಡವಾಗಿಯೇ. ವಿಲಿಯಂ ಸ್ಟೋಕಿ ಎಂಬ ಅಮೆರಿಕದ ಮೇಷ್ಟ್ರು 1960ರಲ್ಲಿ ಸನ್ನೆಗಳನ್ನು ಬಿಡಿಸಿ ನೋಡಿ, ಪ್ರತಿಯೊಂದೂ ಕೈಯ ಆಕಾರ, ಜಾಗ, ಚಲನೆ ಸೇರಿ ಆಗಿದೆ ಅಂತ ತೋರಿಸಿದರು. ಆಗ ಅವರ ಜೊತೆಯವರೇ ನಕ್ಕಿದ್ದರು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸಿಕ್ಕಿದ್ದು ಮಿದುಳಿಗೆ ಪೆಟ್ಟು ಬಿದ್ದವರಲ್ಲಿ. ಕ್ಯಾಲಿಫೋರ್ನಿಯಾದ ಸಾಕ್ ಸಂಸ್ಥೆಯಲ್ಲಿ ಅರ್ಸುಲಾ ಬೆಲೂಗಿ, ಎಡ್ವರ್ಡ್ ಕ್ಲೀಮಾ, ಹೊವಾರ್ಡ್ ಪಾಯ್ಜ್ನರ್ ಎಂಬುವರು ಪಾರ್ಶ್ವವಾಯು ಹೊಡೆದ ಕಿವುಡರನ್ನು ಪರೀಕ್ಷಿಸಿ 1987ರಲ್ಲಿ ಪ್ರಕಟಿಸಿದರು. ಮಾತಾಡುವವರಲ್ಲಿ ಭಾಷೆಯನ್ನು ಹೆಚ್ಚಾಗಿ ನೋಡಿಕೊಳ್ಳುವುದು ಮಿದುಳಿನ ಎಡಭಾಗ. ಜಾಗ, ದೂರ, ದಿಕ್ಕುಗಳ ಲೆಕ್ಕಕ್ಕೆ ಬಲಭಾಗ ಮುಖ್ಯ. ಹಾಗಾದರೆ ಜಾಗದಲ್ಲೇ ನಡೆಯುವ ಭಾಷೆ ಯಾವ ಕಡೆಗೆ ಸೇರಿದ್ದು?

ಬಲಭಾಗಕ್ಕೆ ಪೆಟ್ಟಾದ ಒಬ್ಬರಿಗೆ ತಮ್ಮ ಕೋಣೆಯನ್ನು ವಿವರಿಸಲು ಹೇಳಿದರು. ಅವರು ಮಂಚ, ಮೇಜು, ಕುರ್ಚಿ ಎಲ್ಲವನ್ನೂ ಬಲಗಡೆಯೇ ರಾಶಿ ಹಾಕಿದರು. ಎಡಗಡೆ ಖಾಲಿ ಬಿಟ್ಟರು. ಕೋಣೆಯ ನಕ್ಷೆಯೇ ಅವರಿಗೆ ಹಾಳಾಗಿತ್ತು. ಆದರೆ ಯಾರು ಯಾರಿಗೆ ಏನು ಮಾಡಿದರು ಅಂತ ಹೇಳುವಾಗ ಅದೇ ಎಡಗಡೆಯ ಜಾಗವನ್ನು ಸರಿಯಾಗಿ ಬಳಸಿದರು. ಒಬ್ಬರನ್ನು ಅಲ್ಲಿಟ್ಟು, ಕ್ರಿಯಾಪದವನ್ನು ಅಲ್ಲಿಗೇ ಒಯ್ದರು, ತಪ್ಪಲಿಲ್ಲ. ಎಡಭಾಗಕ್ಕೆ ಪೆಟ್ಟಾದವರಲ್ಲಿ ಇದು ತಿರುಗುಮುರುಗಾಗಿತ್ತು. ಕೋಣೆಯ ವಸ್ತುಗಳನ್ನು ಸರಿಯಾದ ಜಾಗದಲ್ಲಿ ಇಡುತ್ತಿದ್ದರು, ಆದರೆ ಸನ್ನೆಯ ಮಾತು ಮುರಿದುಹೋಗಿತ್ತು. ಕೆಲವರ ಸನ್ನೆ ತೊದಲುತ್ತಿತ್ತು, ಕೆಲವರ ವ್ಯಾಕರಣ ಕೆಟ್ಟಿತ್ತು. ಒಂದೇ ಗಾಳಿ, ಒಂದೇ ಕೈ. ಆದರೆ ಮಿದುಳು ಕೋಣೆಯ ಎಡಗಡೆಯನ್ನೂ ವಾಕ್ಯದ ಎಡಗಡೆಯನ್ನೂ ಬೇರೆ ಬೇರೆ ಕಡೆ ಇಟ್ಟುಕೊಂಡಿದೆ. ಬರೀ ಕೈಸನ್ನೆಯಾಗಿದ್ದರೆ ಹೀಗಾಗುತ್ತಿರಲಿಲ್ಲ.

ಇನ್ನು ನಿಮ್ಮ ಹುಡುಗನ ಮೆಸೇಜು. ಅವನ ಕಿವಿಗೆ ‘ಗೆ’ ಯಾವತ್ತೂ ಬಿದ್ದಿಲ್ಲ. ತುಟಿ ನೋಡಿ ಕಲಿಯೋಣ ಅಂದರೆ ಅದು ತುಟಿಯ ಮೇಲೆ ಕಾಣುವುದೂ ಇಲ್ಲ. ಕನ್ನಡಿಯ ಮುಂದೆ ನಿಂತು ‘ಅಮ್ಮ’ ಅನ್ನಿ, ತುಟಿ ಸೇರುವುದು ಕಾಣುತ್ತದೆ. ‘ಗೆ’ ಅನ್ನಿ, ನಾಲಿಗೆಯ ಹಿಂಭಾಗ ಬಾಯೊಳಗೇ ಏನೋ ಮಾಡಿ ಮುಗಿಸುತ್ತದೆ. ನೋಡುವವರಿಗೆ ‘ದರ್ಜಿ’ಗೂ ‘ದರ್ಜಿಗೆ’ಗೂ ವ್ಯತ್ಯಾಸ ಸಿಗುವುದು ಕಷ್ಟ. ಅಕ್ಷರದಲ್ಲಿ ನೋಡಿಯೇ ಕಲಿಯಬೇಕು, ಅದೂ ಎರಡನೇ ಭಾಷೆಯಾಗಿ, ಯಾರಾದರೂ ಕೂರಿಸಿಕೊಂಡು ಹೇಳಿಕೊಟ್ಟರೆ. ನಮ್ಮ ಎಷ್ಟು ಶಾಲೆಗಳಲ್ಲಿ ಹಾಗೆ ಹೇಳಿಕೊಡುತ್ತಾರೆ, ನೀವೇ ಹೇಳಿ. ಅವನ ಕನ್ನಡ ನೋಡಿ ಅವನ ಭಾಷೆಯನ್ನು ಅಳೆಯುವುದು, ನನ್ನ ಮುರುಕು ಹಿಂದಿ ಕೇಳಿ ನನಗೆ ಕನ್ನಡವೂ ಬರದು ಅಂದಂತೆ.

ಅಂಗಡಿ ವ್ಯವಹಾರಕ್ಕೆ ಒಂದು ಉಪಾಯ ಇದೆ. ಮೆಸೇಜು ಅರ್ಥವಾಗದಿದ್ದರೆ ಬರೆಯುವ ಬದಲು ವೀಡಿಯೋ ಕಾಲ್ ಮಾಡು ಅನ್ನಿ. ಯಾರ ಜಾಗ ಯಾವುದು, ಕೈ ಯಾವ ಕಡೆ ಹೋಯಿತು ಅಂತ ನೋಡಿ. ಪೂರ್ತಿ ಮಾತು ತಿಳಿಯದಿದ್ದರೂ ಬಟ್ಟೆ ಯಾರ ಹತ್ತಿರ ಇದೆ ಅನ್ನುವುದಾದರೂ ಗೊತ್ತಾಗುತ್ತದೆ. ನೀವು ಅವನನ್ನು ಏನಾದರೂ ಕೇಳುವಾಗ ಮುಖ ಗಂಟಿಕ್ಕಿಕೊಂಡೋ ಕಲ್ಲಿನ ಹಾಗೆ ಇಟ್ಟುಕೊಂಡೋ ಕೈ ಆಡಿಸಬೇಡಿ. ಹುಬ್ಬು ಏರದಿದ್ದರೆ ನೀವು ಕೇಳುತ್ತಿದ್ದೀರೋ ಹೇಳುತ್ತಿದ್ದೀರೋ ಅವನಿಗೆ ತಿಳಿಯದು. ಅವನು ಮಾತಾಡುವಾಗ ಕೈಯನ್ನೇ ದಿಟ್ಟಿಸುವುದನ್ನೂ ಮೆಲ್ಲಗೆ ಬಿಡಿ. ಸನ್ನೆ ಬಲ್ಲವರು ನೋಡುವುದು ಎದುರಿನವರ ಮುಖವನ್ನು, ಕೈ ಕಣ್ಣಂಚಿನಲ್ಲೇ ಕಾಣುತ್ತಿರುತ್ತದೆ.

ಪದ ಕಲಿಯಬೇಕು ಅನ್ನಿಸಿದರೆ, 2015ರಲ್ಲಿ ದೆಹಲಿಯಲ್ಲಿ ಶುರುವಾದ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದವರು ಮಾಡಿದ ವೀಡಿಯೋ ನಿಘಂಟು ಇದೆ. ಹತ್ತು ಸಾವಿರ ಪದಗಳಿವೆ, ಯೂಟ್ಯೂಬಿನಲ್ಲಿ ಪುಕ್ಕಟೆ ನೋಡಬಹುದು. ಆದರೆ ಅದರಲ್ಲಿ ಬರೀ ಪದ ಸಿಗುತ್ತದೆ. ದರ್ಜಿಯನ್ನು ಬಲಗಡೆ ಇಟ್ಟು ಗಿರಾಕಿಯ ಕಡೆ ಕೈ ಒಯ್ಯುವುದನ್ನು ಅವನ ಹತ್ತಿರವೇ ಹೇಳಿಸಿಕೊಳ್ಳಬೇಕು. ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿಗೆ ಕೇಳಿ ನೋಡಿ.